ಕೈಯಲ್ಲೊಂದು ಚೀಟಿ, ಅದರಲ್ಲಿ ಐದಾರು ಪದ

ನಮ್ಮ ಊರಿನ ಕಾರ್ಯಕ್ರಮಗಳಲ್ಲಿ ಅತಿಥಿಗಳ ಪರಿಚಯ ಮಾಡುವ ಕೆಲಸ ನನ್ನ ಪಾಲಿಗೆ ಬರುವುದು ಮಾಮೂಲು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ, ಜನರಿಗೆ ಅಷ್ಟು ಸಾಕು. "ಟೀಚರ್, ಪರಿಚಯ ನೀವೇ ಮಾಡಬೇಕು" ಎಂದು ಫೋನು ಬರುತ್ತದೆ, ಹಿಂದೆಯೇ ವಾಟ್ಸಾಪಿನಲ್ಲಿ ಎರಡು ಮೂರು ಪುಟದ ಪಿಡಿಎಫ್ ಬರುತ್ತದೆ. ಸುಮಾರು ವರ್ಷ ನಾನು ಮಾಡುತ್ತಿದ್ದದ್ದು ಇಷ್ಟೇ. ಆ ಪಿಡಿಎಫನ್ನು ಚೆಂದದ ಅಕ್ಷರದಲ್ಲಿ ಹಾಳೆಗೆ ಇಳಿಸುವುದು, ಅಲ್ಲಲ್ಲಿ ಒಂದೆರಡು ಸಾಲು ಸೇರಿಸುವುದು, ಮೈಕಿನ ಮುಂದೆ ನಿಂತು ಓದುವುದು.

ಒಂದು ಸಲ ಹೀಗಾಯಿತು. ಬಂದಿದ್ದವರು ಜಾನಪದದ ಪ್ರಾಧ್ಯಾಪಕರು. ಬಸ್‌ಸ್ಟ್ಯಾಂಡಿನಿಂದ ಸಭಾಭವನಕ್ಕೆ ಅವರನ್ನು ಕರೆತಂದ ಕಾರಿನಲ್ಲಿ ನಾನೂ ಇದ್ದೆ. ಅರ್ಧ ಗಂಟೆಯ ದಾರಿ. ನಿವೃತ್ತಿಯಾಗಿ ಎರಡು ವರ್ಷವಾಯಿತು, ಈಗ ಮನೆ ಹಿಂದೆ ಜೇನು ಸಾಕುತ್ತೇನೆ, ಏಳು ಪೆಟ್ಟಿಗೆ ಇದೆ ಎಂದು ದಾರಿಯುದ್ದಕ್ಕೂ ಖುಷಿಯಿಂದ ಹೇಳಿದರು. ನಾನೂ ಕೇಳಿ ಕೇಳಿ ತಿಳಿದುಕೊಂಡೆ. ಅದಾಗಿ ಮುಕ್ಕಾಲು ಗಂಟೆಗೆ ವೇದಿಕೆಯಲ್ಲಿ ನಿಂತು, ನನ್ನದೇ ಕೈಬರಹದ ನಾಲ್ಕು ಹಾಳೆ ಹಿಡಿದು, "ಪ್ರಸ್ತುತ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸುತ್ತಿದ್ದಾರೆ" ಎಂದು ಓದಿದೆ. ಪಿಡಿಎಫ್ ಹಳೆಯದಾಗಿತ್ತು. ಅವರು ಏನೂ ಹೇಳಲಿಲ್ಲ. ತಮ್ಮ ಭಾಷಣದ ನಡುವೆ ಎಲ್ಲೋ ಒಂದು ಕಡೆ, "ನಾನೀಗ ನಿವೃತ್ತ, ಸಮಯ ಬೇಕಾದಷ್ಟಿದೆ" ಎಂದಷ್ಟೇ ಹೇಳಿದರು.

ತಪ್ಪು ಮಾಹಿತಿ ಓದಿದ್ದು ನನ್ನನ್ನು ಅಷ್ಟು ಕಾಡಲಿಲ್ಲ. ಅಂಥದ್ದು ಯಾರಿಗೂ ಆಗಬಹುದು. ಕಾಡಿದ್ದು ಬೇರೆ. ಸರಿಯಾದ ವಿಷಯ ನನಗೆ ಗೊತ್ತಿತ್ತಲ್ಲ! ಅವರ ಬಾಯಿಂದಲೇ ಕೇಳಿದ್ದೆ. ಗೊತ್ತಿದ್ದೂ ಬಾಯಿ ಮಾತ್ರ ಹಾಳೆಯಲ್ಲಿ ಇದ್ದದ್ದನ್ನೇ ಹೇಳಿತು. ಹಾಳೆ ಓದುವಾಗ ತಲೆಗೆ ಕೆಲಸವೇ ಇರುವುದಿಲ್ಲ. ಕಣ್ಣು ಅಕ್ಷರ ಹೆಕ್ಕುತ್ತದೆ, ಬಾಯಿ ಹೇಳುತ್ತದೆ, ನಡುವೆ ನಾನು ಇರುವುದಿಲ್ಲ. ಏಳು ಪೆಟ್ಟಿಗೆ ಜೇನಿನ ಮಾತು ಆ ದಿನ ಸಭೆಗೆ ಬರಲೇ ಇಲ್ಲ. ಆ ನಾಲ್ಕು ಹಾಳೆಯಲ್ಲಿ ಇದ್ದ ಯಾವುದಕ್ಕಿಂತಲೂ ಅದು ಒಳ್ಳೆಯ ಪರಿಚಯವಾಗುತ್ತಿತ್ತು.

ಹಾಳೆಯ ಕನ್ನಡ, ಬಾಯಿಯ ಕನ್ನಡ

ಕನ್ನಡದಲ್ಲಿ ಇದಕ್ಕೆ ಇನ್ನೊಂದು ತೊಡಕು ಇದೆ. ನಾವು ಬರೆಯುವ ಕನ್ನಡ ಬೇರೆ, ಆಡುವ ಕನ್ನಡ ಬೇರೆ. ಹಾಳೆ ಪೆನ್ನು ಕೈಗೆ ಬಂದ ಕೂಡಲೇ "ಹುಟ್ಟಿದ್ದು ಸುಳ್ಯದ ಹತ್ತಿರ" ಎನ್ನುವುದು "ಸುಳ್ಯ ತಾಲ್ಲೂಕಿನಲ್ಲಿ ಜನಿಸಿದ ಶ್ರೀಯುತರು" ಆಗಿಬಿಡುತ್ತದೆ. "ಓದಿದರು" ಎಂಬುದು "ವ್ಯಾಸಂಗವನ್ನು ಪೂರೈಸಿ" ಆಗುತ್ತದೆ. ಪೂರೈಸಿ, ಪಡೆದು, ಸೇರಿ, ಸಲ್ಲಿಸಿ, ಪಾತ್ರರಾಗಿ ಎಂದು ಒಂದಕ್ಕೊಂದು ಪೋಣಿಸಿಕೊಂಡು ಹೋದ ವಾಕ್ಯ ಆರನೆಯ ಸಾಲಿನಲ್ಲಿ "ಇದ್ದಾರೆ" ಎಂದು ಮುಗಿಯುತ್ತದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಓದುವವರಾದರೆ ಹಿಂದೆ ಹೋಗಿ ನೋಡಿಕೊಳ್ಳಬಹುದು. ಕೇಳುವವರು ಅಲ್ಲಿಯ ತನಕ ಎಲ್ಲವನ್ನೂ ತಲೆ ಮೇಲೆ ಹೊತ್ತುಕೊಂಡು ಕೂತಿರಬೇಕು. ಯಾರೂ ಹೊರುವುದಿಲ್ಲ. ಎರಡನೇ ಸಾಲಿಗೇ ಮೊಬೈಲು ತೆಗೆಯುತ್ತಾರೆ, ಅವರ ತಪ್ಪೇನೂ ಇಲ್ಲ.

ಚೀಟಿಯಲ್ಲಿ ಬರೀ ಪದ ಇದ್ದರೆ ಈ ತೊಂದರೆ ಹುಟ್ಟುವುದೇ ಇಲ್ಲ. "ಜೇನು – 7" ಎಂದಷ್ಟೇ ಬರೆದಿದ್ದೀರಿ ಎಂದುಕೊಳ್ಳಿ. ಅದಕ್ಕೆ ವಿಭಕ್ತಿ ಇಲ್ಲ, ಕ್ರಿಯಾಪದ ಇಲ್ಲ, ಗ್ರಾಂಥಿಕವೂ ಅಲ್ಲ, ಆಡುಮಾತೂ ಅಲ್ಲ. ಪ್ರತ್ಯಯ ಹಚ್ಚುವ ಕೆಲಸ ನಿಮ್ಮ ಬಾಯಿಯದು, ಅದೂ ಆ ಹೊತ್ತಿಗೆ, ಆ ಜನರ ಮುಂದೆ. ಬಾಯಿ ತನಗೆ ಗೊತ್ತಿರುವ ಕನ್ನಡದಲ್ಲೇ ಹಚ್ಚುತ್ತದೆ. "ಇವರ ಮನೆ ಹಿಂದೆ ಈಗ ಏಳು ಪೆಟ್ಟಿಗೆ ಜೇನು ಇದೆ" ಎಂದು ತಾನಾಗಿ ಸಣ್ಣ ವಾಕ್ಯ ಬರುತ್ತದೆ. ಮೈಕಿನ ಮುಂದೆ ನಿಂತು "ಜೇನು ಸಾಕಣೆಯಲ್ಲಿ ತಮ್ಮನ್ನು ತೊಡಗಿಸಿಕೊಂಡಿರುತ್ತಾರೆ" ಎಂಬ ವಾಕ್ಯವನ್ನು ಸ್ವಂತ ಬಾಯಿಂದ ಕಟ್ಟಲು ಹೋಗಿ ನೋಡಿ, ಆಗುವುದಿಲ್ಲ. ಅದು ಪೆನ್ನಿನಿಂದ ಮಾತ್ರ ಬರುವ ವಾಕ್ಯ.

ಹಾಗಾದರೆ ಬಾಯಿಪಾಠ ಮಾಡಬಹುದಲ್ವಾ ಎಂದು ಕೇಳುವವರಿದ್ದಾರೆ. ನನ್ನ ಅನುಭವದಲ್ಲಿ ಅದು ಓದುವುದಕ್ಕಿಂತ ಕಷ್ಟದ ದಾರಿ. ಬಾಯಿಪಾಠದಲ್ಲಿ ಒಂದು ಪದ ಮುಂದಿನ ಪದವನ್ನು ಎಳೆದುಕೊಂಡು ಬರುತ್ತದೆ, ಮಗ್ಗಿಯ ಹಾಗೆ. ನಡುವೆ ಒಂದು ಕಳಚಿದರೆ ಮುಂದಿನದಕ್ಕೆ ದಾರಿ ಇರುವುದಿಲ್ಲ. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಒಂಬತ್ತನೇ ತರಗತಿಯ ಹುಡುಗಿ ಒಬ್ಬಳು ಮೂರನೇ ವಾಕ್ಯಕ್ಕೆ ನಿಂತಳು. ಮತ್ತೆ "ಎಲ್ಲರಿಗೂ ನಮಸ್ಕಾರ"ದಿಂದ ಶುರು ಮಾಡಿದಳು. ಮತ್ತೆ ಅಲ್ಲೇ ನಿಂತಳು. ವಿಷಯ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ವೇದಿಕೆ ಇಳಿದ ಮೇಲೆ ನನ್ನ ಹತ್ತಿರ ಅಷ್ಟನ್ನೂ ಅಳುತ್ತಾ ಗಡಗಡ ಹೇಳಿದಳು, ಬೇರೆಯೇ ವಾಕ್ಯಗಳಲ್ಲಿ.

ತಾಳಮದ್ದಳೆಯಲ್ಲಿ ಕಂಡದ್ದು

ಚೀಟಿಯ ಉಪಾಯ ನನಗೆ ಯಾವುದೋ ತರಬೇತಿಯಲ್ಲಿ ಸಿಕ್ಕಿದ್ದಲ್ಲ. ಅಪ್ಪ ತಾಳಮದ್ದಳೆಯ ಹುಚ್ಚಿನವರು. ಮಳೆಗಾಲದ ರಾತ್ರಿಗಳಲ್ಲಿ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪುಸ್ತಕ ಮುಂದಿಟ್ಟುಕೊಂಡು ಒಂದು ಪದ್ಯ ಹಾಡುತ್ತಾರೆ, ಎದುರು ಬದುರು ಕೂತ ಅರ್ಥಧಾರಿಗಳು ಅದಕ್ಕೆ ಅರ್ಥ ಹೇಳುತ್ತಾರೆ. ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಮಾತು ಎಲ್ಲೂ ಬರೆದಿಲ್ಲ. ನಾಲ್ಕು ಸಾಲಿನ ಪದ್ಯ ಹಿಡಿದುಕೊಂಡು ಕರ್ಣನ ಪಾತ್ರದವರು ಇಪ್ಪತ್ತು ನಿಮಿಷ ಮಾತಾಡುವುದನ್ನು ನಾನು ಕಂಬಕ್ಕೆ ಒರಗಿ ಕೇಳಿದ್ದೇನೆ. ಅದೇ ಪದ್ಯಕ್ಕೆ ಮುಂದಿನ ತಿಂಗಳು ಇನ್ನೊಂದು ಊರಿನಲ್ಲಿ ಅವರೇ ಬೇರೆ ಮಾತು ಹೇಳುತ್ತಿದ್ದರು. ಎದುರಿನ ಶಲ್ಯ ಕೇಳಿದ ಪ್ರಶ್ನೆ ಬೇರೆಯಾಗಿತ್ತು, ಅದಕ್ಕೆ.

ನಾನು ಆಗ ಅಪ್ಪನನ್ನು ಕೇಳಿದ್ದೆ, ಇವರಿಗೆ ಇಷ್ಟೆಲ್ಲ ಹೇಗೆ ನೆನಪಿರುತ್ತದೆ ಎಂದು. ಅಪ್ಪ ಹೇಳಿದ್ದು ಇಷ್ಟೇ: "ಮಾತು ನೆನಪಿಟ್ಟುಕೊಂಡಿಲ್ಲ ಮಗಾ, ಕರ್ಣನನ್ನು ನೆನಪಿಟ್ಟುಕೊಂಡಿದ್ದಾರೆ." ಈ ಮಾತು ನನ್ನ ಜೊತೆ ಬಹಳ ವರ್ಷ ಸುಮ್ಮನೆ ಇತ್ತು. ಜಾನಪದದ ಪ್ರಾಧ್ಯಾಪಕರ ಕಾರ್ಯಕ್ರಮ ಮುಗಿಸಿ ಮನೆಗೆ ಬಂದ ರಾತ್ರಿ ಅದು ಏಕೆ ಸರಿ ಎಂದು ಗೊತ್ತಾಯಿತು. ನಾನು ಪಿಡಿಎಫನ್ನು ಹಿಡಿದುಕೊಂಡಿದ್ದೆ, ಆ ಮನುಷ್ಯರನ್ನಲ್ಲ.

ಚೀಟಿ ಎಂದರೆ ಚಿಕ್ಕದು ಮಾಡಿದ ಹಾಳೆ ಎಂದುಕೊಂಡರೆ ಕೆಲಸ ಕೆಡುತ್ತದೆ. ಅದು ಪದ್ಯದ ಹಾಗೆ. ಒಳಗೆ ಮೊದಲೇ ಇರುವುದನ್ನು ಎಬ್ಬಿಸಲು ಮಾತ್ರ ಅದು. ಒಳಗೆ ಏನೂ ಇಲ್ಲದಿದ್ದರೆ ಎಂಥ ಚೀಟಿಯೂ ಮಾತಾಡಿಸುವುದಿಲ್ಲ.

ಅಡಿಕೆ ತೋಟದ ಒಂದು ಪರಿಚಯ

ಇದನ್ನು ಒಂದು ಉದಾಹರಣೆ ಹಿಡಿದೇ ಹೇಳುತ್ತೇನೆ. ಹೋದ ಬೇಸಿಗೆಯ ಕೊನೆಗೆ ನಮ್ಮ ಊರಿನ ಸೊಸೈಟಿ ಸಭಾಂಗಣದಲ್ಲಿ ಅಡಿಕೆ ಬೆಳೆಗಾರರಿಗೆ ಒಂದು ಸಭೆ ಇತ್ತು. ವಿಷಯ ಎಲೆಚುಕ್ಕಿ ರೋಗ. ಬಂದವರು ನಿವೃತ್ತ ವಿಜ್ಞಾನಿ. ಅವರ ಹೆಸರು ಇಲ್ಲಿ ಬೇಡ, ಅವರಿಗೆ ಹಿಡಿಸುವುದಿಲ್ಲ. ಪಿಡಿಎಫ್ ಎರಡು ಪುಟ ಇತ್ತು. ಹುಟ್ಟು, ಓದು, 31 ವರ್ಷದ ಸೇವೆ, ಬರೆದ ಪ್ರಬಂಧಗಳ ಪಟ್ಟಿ, ಎರಡು ಪ್ರಶಸ್ತಿ, ಮಕ್ಕಳು ಎಲ್ಲೆಲ್ಲಿ ಇದ್ದಾರೆ ಎಂಬುದು.

ಮೊದಲು ಮಾಡಿದ ಚೀಟಿ ಹೀಗಿತ್ತು: ಜನನ, ಶಿಕ್ಷಣ, ಸೇವೆ, ಸಾಧನೆ, ಪ್ರಶಸ್ತಿ. ಅದನ್ನು ಹಿಡಿದುಕೊಂಡು ಅಡುಗೆಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದೆ. "ಕೃಷಿ ಕ್ಷೇತ್ರದಲ್ಲಿ ಅಪಾರ ಸಾಧನೆ ಮಾಡಿದ" ಎಂದು ಬಾಯಿಗೆ ಬಂತು. ಹಾಳೆಯೇ ಇರಲಿಲ್ಲ, ಆದರೂ ಹಾಳೆಯ ಭಾಷೆ ಬಂತು. ಆಗ ತಿಳಿದದ್ದು ಇದು. ಪದ ಒಂದೇ ಇದ್ದರೂ ಅದು ಎಂಥ ಪದ ಎಂಬುದು ಮುಖ್ಯ. "ಸಾಧನೆ" ಎಂಬ ಪದ ನೋಡಿದರೆ ಕಣ್ಣ ಮುಂದೆ ಏನೂ ಬರುವುದಿಲ್ಲ. ಬರುವುದು ಅದರ ಜೊತೆ ಸಾವಿರ ಸಲ ಕೇಳಿದ ವಾಕ್ಯ ಮಾತ್ರ. ಚೀಟಿಗೆ ಬೇಕಾದದ್ದು ಕಣ್ಣಿಗೆ ಕಾಣುವ ಪದ. ಒಂದು ವಸ್ತು, ಒಂದು ಜಾಗ, ಯಾರೋ ಏನೋ ಮಾಡಿದ್ದು.

ಅಂಥ ಪದ ಪಿಡಿಎಫಿನಲ್ಲಿ ಇರುವುದಿಲ್ಲ, ಕೇಳಿ ಪಡೆಯಬೇಕು. ಸಂಜೆ ಅವರಿಗೆ ಫೋನು ಮಾಡಿದೆ. ಹತ್ತು ನಿಮಿಷ ಮಾತಾಡಿದ್ದು. "ಸರ್, ನೀವು ಹೊಸದಾಗಿ ಕೆಲಸಕ್ಕೆ ಸೇರಿದಾಗ ಬೆಳೆಗಾರರು ನಿಮ್ಮನ್ನು ಏನು ಕೇಳುತ್ತಿದ್ದರು?" ಎಂದು ಕೇಳಿದೆ. ಸಾಧನೆ ಹೇಳಿ ಎಂದರೆ ಯಾರೂ ಹೇಳುವುದಿಲ್ಲ, ಇಂಥದ್ದು ಕೇಳಿದರೆ ಹೇಳುತ್ತಾರೆ. ಆಗೆಲ್ಲ ಕೊಳೆರೋಗದ್ದೇ ಗಲಾಟೆ. ಮದ್ದು ಸಿಂಪಡಿಸಿದರೂ ಕೊಳೆ ನಿಲ್ಲಲಿಲ್ಲ ಎಂದು ಜನ ಬೈಯುತ್ತಿದ್ದರಂತೆ. ಆ ಮದ್ದು ಎಂದರೆ ಬೋರ್ಡೋ ದ್ರಾವಣ, ಅದರ ಲೆಕ್ಕ ಎಲ್ಲರಿಗೂ ಗೊತ್ತು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಆದರೆ ಸುಣ್ಣ ಹಳೆಯದಾಗಿ ಗಾಳಿ ಹೊಡೆದಿದ್ದರೆ ಅದರಲ್ಲಿ ಸತ್ವ ಇರುವುದಿಲ್ಲ, ಕಿಲೋ ಲೆಕ್ಕ ಸರಿಯಾಗಿದ್ದರೂ ದ್ರಾವಣ ಸರಿ ಇರುವುದಿಲ್ಲ. ಅದಕ್ಕೆ ಇವರು ಜೇಬಿನಲ್ಲಿ ಒಂದು ಕಬ್ಬಿಣದ ಚಾಕು ಇಟ್ಟುಕೊಂಡು ತೋಟ ತೋಟ ತಿರುಗಿದರು. ತಯಾರಾದ ದ್ರಾವಣದಲ್ಲಿ ಚಾಕು ಅದ್ದಿ ಸ್ವಲ್ಪ ಹೊತ್ತು ಬಿಡುವುದು, ತೆಗೆದು ನೋಡುವುದು. ಅಲಗಿನ ಮೇಲೆ ಕೆಂಪಗೆ ತಾಮ್ರದ ಬಣ್ಣ ಹತ್ತಿದ್ದರೆ ಸುಣ್ಣ ಸಾಲದು ಎಂದರ್ಥ. ಹಾಗೇ ಸಿಂಪಡಿಸಿದರೆ ಗಿಡಕ್ಕೆ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದುವುದು. ಇವರು ಅದನ್ನು ತಾವೇ ಕಂಡುಹಿಡಿದದ್ದು ಎಂದೇನೂ ಹೇಳಿಕೊಳ್ಳಲಿಲ್ಲ, ಹಳೆಯ ಪರೀಕ್ಷೆ ಅದು. ಆದರೆ ಬೈಯುವ ಜನರ ಅಂಗಳಕ್ಕೇ ಹೋಗಿ, ಅವರದೇ ಡ್ರಮ್ಮಿನಲ್ಲಿ ಚಾಕು ಅದ್ದಿ ತೋರಿಸಿದವರು ಇವರು.

ಫೋನು ಇಟ್ಟ ಮೇಲೆ ಹಳೆಯ ಚೀಟಿ ಬಿಸಾಡಿ ಹೊಸದು ಬರೆದೆ. ಅದರಲ್ಲಿ ಇದ್ದದ್ದು ಇಷ್ಟು:

ಕೈ
31 – ಕೊಳೆ
ಚಾಕು
ಪ್ರಶಸ್ತಿ 2
7ರ ಫೋನು
ಪ್ರಶ್ನೆ ಬರೆದಿಡಿ

"ಕೈ" ಎಂದರೆ ಯಾರ ತೋಟದಲ್ಲಿ ಎಲೆಚುಕ್ಕಿ ಕಾಣಿಸಿದೆ, ಕೈ ಎತ್ತಿ ಎಂದು ಕೇಳುವುದು. ಪರಿಚಯ ಶುರುವಾಗಬೇಕಾದದ್ದು ಅತಿಥಿಯ ಜನನದಿಂದಲ್ಲ, ಕೂತವರು ಯಾಕೆ ಬಂದಿದ್ದಾರೆ ಎಂಬಲ್ಲಿಂದ. "7ರ ಫೋನು" ಎಂದರೆ ನಿವೃತ್ತರಾದ ಮೇಲೂ ಅವರು ದಿನಾ ಸಂಜೆ ಏಳರ ನಂತರ ಬೆಳೆಗಾರರ ಫೋನು ಎತ್ತುತ್ತಾರೆ ಎಂಬುದು. ಕೊನೆಯದು, ಭಾಷಣದ ನಡುವೆ ಎದ್ದು ಕೇಳುವ ಬದಲು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ, ಆಮೇಲೆ ಸಮಯ ಇದೆ ಎಂದು ತಿಳಿಸುವುದಕ್ಕೆ.

ಎರಡನೆಯ ಚೀಟಿ ಒಂದಿತ್ತು. ಅದರಲ್ಲಿ ಮಾತ್ರ ಪದಗಳಲ್ಲ, ಪೂರ್ತಿ ಬರಹ. ಅವರ ಹೆಸರು ಇನಿಷಿಯಲ್ ಸಮೇತ, ಅವರ ಹುದ್ದೆ ಏನಾಗಿತ್ತು ಎಂಬುದು, ಭಾಷಣದ ವಿಷಯ, ಕೊನೆಯ ಒಂದು ವಾಕ್ಯ. ಇವನ್ನು ನೆನಪಿಗೆ ಬಿಡಬಾರದು. ಎಷ್ಟು ಚೆನ್ನಾಗಿ ಗೊತ್ತಿದ್ದ ಹೆಸರೂ ಮೈಕಿನ ಮುಂದೆ ಒಂದು ಗಳಿಗೆ ಮರೆಯುತ್ತದೆ, ನಮ್ಮ ಮನೆಯವರ ಹೆಸರೇ ಆದರೂ. ಇನ್ನೊಂದು ಮಾತು. ಪಿಡಿಎಫ್ ಇಂಗ್ಲಿಷಿನಲ್ಲಿ ಇದ್ದರೆ ಹೆಸರನ್ನು ನೋಡಿ ಓದಬೇಡಿ. ಇಂಗ್ಲಿಷ್ ಅಕ್ಷರದಲ್ಲಿ ಲಕಾರ ಯಾವುದು ಳಕಾರ ಯಾವುದು, ಎಲ್ಲಿ ದೀರ್ಘ ಎಲ್ಲಿ ಹ್ರಸ್ವ ಎಂದು ಗೊತ್ತಾಗುವುದಿಲ್ಲ. ಅವರನ್ನೇ ಕೇಳಿ, ಅವರು ಹೇಳಿದ ಹಾಗೆ ಕನ್ನಡದಲ್ಲಿ ಬರೆದುಕೊಳ್ಳಿ. ಊರಿನ ಹೆಸರೂ ಹಾಗೆಯೇ.

ಕೊನೆಯ ವಾಕ್ಯ ಪೂರ್ತಿ ಬರೆಯುವುದಕ್ಕೆ ಕಾರಣ ಇದೆ. ಪದಗಳನ್ನು ಹಿಡಿದು ಮಾತಾಡುವವರಿಗೆ ನಿಲ್ಲಿಸುವುದು ಕಷ್ಟ. ಹಾಳೆ ಮುಗಿದರೆ ಓದು ಮುಗಿಯುತ್ತದೆ, ಮಾತಿಗೆ ಹಾಗೆ ಅಂಚು ಇಲ್ಲ. ಒಂದು ಕಥೆ ಇನ್ನೊಂದನ್ನು ನೆನಪಿಸುತ್ತದೆ. ಎರಡು ನಿಮಿಷದ ಪರಿಚಯ ಐದು ನಿಮಿಷ ಆಗುವುದು ಹೀಗೆಯೇ. ಅದಕ್ಕೆ ಎರಡನೇ ಚೀಟಿಯ ಮೂಲೆಯಲ್ಲಿ "2 ನಿ." ಎಂದು ಬರೆದು ಸುತ್ತು ಹಾಕಿರುತ್ತೇನೆ. ಚೀಟಿ ಬದಲಿಸಿದ ಕೂಡಲೇ ಆ ವಾಕ್ಯ ಹೇಳಿ ಮುಗಿಸುವುದು.

ಚೀಟಿ ಎಂಥದ್ದು

ಅಂಗಡಿಯಲ್ಲಿ 3 ಇಂಚು ಅಗಲ 5 ಇಂಚು ಉದ್ದದ ಕಾರ್ಡುಗಳ ಕಟ್ಟು ಸಿಗುತ್ತದೆ. ನನಗೆ ಅದಕ್ಕಿಂತ ಮದುವೆ ಕಾಗದ ಇಷ್ಟ. ಮನೆಯಲ್ಲಿ ರಾಶಿ ಇರುತ್ತದೆ, ಹಿಂಬದಿ ಖಾಲಿ, ದಪ್ಪ, ಅಂಗೈ ಅಳತೆಗೆ ಕತ್ತರಿಸಿದರೆ ಆಯಿತು. ದಪ್ಪ ಬೇಕು ಎನ್ನುವುದು ಚೆಂದಕ್ಕಲ್ಲ. ಎಷ್ಟೇ ಅನುಭವ ಇದ್ದರೂ ಮೈಕಿನ ಮುಂದೆ ಮೊದಲ ಅರ್ಧ ನಿಮಿಷ ಬೆರಳು ಸಣ್ಣಗೆ ನಡುಗುತ್ತದೆ. ತೆಳು ಹಾಳೆಯಲ್ಲಿ ಆ ನಡುಕ ತುದಿಗೆ ಹೋಗುವಷ್ಟರಲ್ಲಿ ದೊಡ್ಡದಾಗುತ್ತದೆ, ಮೈಕು ಹತ್ತಿರ ಇದ್ದರೆ ಸದ್ದೂ ಕೇಳಿಸುತ್ತದೆ. ಸದ್ದು ಕೇಳಿ ನಡುಕ ಜಾಸ್ತಿಯಾಗುತ್ತದೆ. ಗಟ್ಟಿ ಕಾಗದದ ತುಂಡು ಅಲ್ಲಾಡುವುದಿಲ್ಲ. ಫ್ಯಾನಿಗೆ ಹಾರುವುದೂ ಇಲ್ಲ.

ಬರೆಯುವುದು ಒಂದೇ ಬದಿಗೆ, ಕಪ್ಪು ಸ್ಕೆಚ್ ಪೆನ್ನಿನಲ್ಲಿ, ಅಕ್ಷರ ಒಂದು ಸೆಂಟಿಮೀಟರಿನಷ್ಟು ದೊಡ್ಡದು. ಆರು ಸಾಲಿಗಿಂತ ಹೆಚ್ಚು ಹಿಡಿಯಬಾರದು, ಹಿಡಿದರೆ ಅಕ್ಷರ ಚಿಕ್ಕದಾಯಿತು ಎಂದರ್ಥ. ನಲವತ್ತೈದು ದಾಟಿದ ನಮ್ಮಂಥವರಿಗೆ ಇದು ಇನ್ನೂ ಮುಖ್ಯ. ಓದುವ ಕನ್ನಡಕ ಹಾಕಿದರೆ ಸಭೆ ಮಂಜು, ತೆಗೆದರೆ ಚೀಟಿ ಮಂಜು. ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ ಭಾಷಣಕ್ಕೆ ತಮ್ಮದೇ ಸಂಕ್ಷಿಪ್ತ ಬರಹದ ಕಾರ್ಡುಗಳನ್ನು ಬಳಸುತ್ತಿದ್ದರು. ಒಂದು ಕಣ್ಣಿನ ಲೆನ್ಸ್ ತೆಗೆದಿಟ್ಟು, ಆ ಕಣ್ಣಿನಲ್ಲಿ ಕಾರ್ಡನ್ನೂ ಇನ್ನೊಂದರಲ್ಲಿ ಸಭೆಯನ್ನೂ ನೋಡುತ್ತಿದ್ದರಂತೆ. ನಮಗೆ ಅಷ್ಟೆಲ್ಲ ಬೇಡ, ದೊಡ್ಡ ಅಕ್ಷರ ಸಾಕು. ಎದೆಯ ಎತ್ತರಕ್ಕೆ ಹಿಡಿದರೆ ತಲೆ ಬಗ್ಗಿಸದೆ ಕಣ್ಣು ಮಾತ್ರ ಇಳಿಸಿ ನೋಡಬಹುದು. ನೋಡುವಾಗ ಮಾತಾಡಬಾರದು. ನೋಡಿ, ಕಣ್ಣು ಎತ್ತಿ, ಆಮೇಲೆ ಬಾಯಿ ತೆರೆಯಬೇಕು. ಆ ಮೌನ ನಮಗೆ ಬಹಳ ಉದ್ದ ಅನಿಸುತ್ತದೆ. ಕೂತವರಿಗೆ ಅದು ಉಸಿರು ತೆಗೆದುಕೊಂಡ ಹಾಗೆ ಅಷ್ಟೇ.

ಮೊಬೈಲಿನಲ್ಲಿ ಬರೆದುಕೊಂಡರೆ ಆಗದೇ ಎಂದು ಮಕ್ಕಳು ಕೇಳುತ್ತಾರೆ. ಪರದೆ ಆರಿಹೋಗುತ್ತದೆ, ಬೆರಳು ತಾಗಿ ಸಾಲು ಜಾರುತ್ತದೆ. ಅದಕ್ಕಿಂತ ಹೆಚ್ಚಾಗಿ, ವೇದಿಕೆಯ ಮೇಲೆ ಅತಿಥಿಯ ಪಕ್ಕ ನಿಂತು ಮೊಬೈಲು ನೋಡುವವರನ್ನು ಕಂಡರೆ ಬೇರೆ ಏನೋ ನೋಡುತ್ತಿದ್ದಾರೆ ಅನಿಸುತ್ತದೆ. ನನಗೇ ಅನಿಸುತ್ತದೆ.

ಚೀಟಿಯಾದ ಮೇಲೆ ಒಂದು ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ಎದ್ದು ನೋಡಿದಾಗ ಯಾವ ಪದಕ್ಕೆ ಮಾತು ತಟ್ಟನೆ ಬರುವುದಿಲ್ಲವೋ ಅದನ್ನು ಬದಲಿಸುತ್ತೇನೆ. ಒಮ್ಮೆ "ಸೇತುವೆ" ಎಂದು ಬರೆದಿಟ್ಟು, ಮರುದಿನ ಅದು ಹೊಳೆಗೆ ಕಟ್ಟಿದ ಸೇತುವೆಯೋ ಎರಡು ಭಾಷೆಗಳ ನಡುವಿನ ಸೇತುವೆಯೋ ತಿಳಿಯದೆ ಕೂತಿದ್ದೆ. ಆಮೇಲೆ ಗಟ್ಟಿಯಾಗಿ ಮೂರು ಸಲ ಹೇಳುತ್ತೇನೆ, ಮೂರು ಸಲವೂ ಬೇರೆ ಬೇರೆ ವಾಕ್ಯದಲ್ಲಿ. ಮೂರೂ ಒಂದೇ ಥರ ಬಂದರೆ ಬಾಯಿಪಾಠ ಆಗುತ್ತಿದೆ ಎಂದು ತಿಳಿದು ಅಲ್ಲಿಗೆ ನಿಲ್ಲಿಸುತ್ತೇನೆ. ಮೊದಲಿಗೆ ಪೂರ್ತಿ ಬರೆದುಕೊಂಡು ಆಮೇಲೆ ಪದ ಹೆಕ್ಕಿದರೂ ಅಡ್ಡಿಯಿಲ್ಲ, ಹೊಸಬರಿಗೆ ಅದೇ ಸುಲಭ. ಆದರೆ ಆ ಪೂರ್ತಿ ಬರಹವನ್ನು ಮನೆಯಲ್ಲೇ ಬಿಟ್ಟು ಬರಬೇಕು. ಜೇಬಿನಲ್ಲಿ ಇದ್ದರೆ ಕೈ ಅದರ ಕಡೆಗೇ ಹೋಗುತ್ತದೆ.

ಆ ದಿನ

ಸಭೆ ಶುರುವಾಯಿತು. ಪ್ರಾರ್ಥನೆ ಆಯಿತು, ಸ್ವಾಗತಕ್ಕೆ ಎದ್ದವರು ಅತಿಥಿಗಳ ಬಗ್ಗೆ ಧಾರಾಳವಾಗಿ ಹೇಳಿದರು. 31 ವರ್ಷ ಸೇವೆ, ಎರಡು ಪ್ರಶಸ್ತಿ, ಎಲ್ಲ ಬಂತು. ಅವರ ಕೈಯಲ್ಲೂ ಅದೇ ಪಿಡಿಎಫ್ ಇತ್ತಲ್ಲ. ನಮ್ಮ ಸಭೆಗಳಲ್ಲಿ ಸ್ವಾಗತ, ಪ್ರಾಸ್ತಾವಿಕ, ಪರಿಚಯ ಮೂರೂ ಬೇರೆಯವರದು, ನಿರೂಪಣೆಯವರು ನಡುವೆ ಸೇರಿಸುವುದು ಇನ್ನೊಂದಷ್ಟು. ಹೇಳಿದ್ದನ್ನೇ ನಾಲ್ಕು ಸಲ ಕೇಳಬೇಕಾಗಿ ಬರುವುದು ಅದಕ್ಕೇ. ಹಾಳೆ ಬರೆದು ತಂದಿದ್ದರೆ ನಾನೂ ಅದನ್ನೇ ಓದುತ್ತಿದ್ದೆ, ಬರೆದ ವಾಕ್ಯದ ನಡುವಿನಿಂದ ತುಂಡು ತೆಗೆದರೆ ಉಳಿದದ್ದು ಕೂಡುವುದಿಲ್ಲ. ಚೀಟಿಗೆ ಆ ಕಷ್ಟ ಇಲ್ಲ. ಕೂತಲ್ಲೇ ಪೆನ್ನು ತೆಗೆದು "31" ಹೊಡೆದುಹಾಕಿದೆ, "ಪ್ರಶಸ್ತಿ 2" ಹೊಡೆದುಹಾಕಿದೆ. ಉಳಿದದ್ದು ಐದು ಸಾಲು.

ಎದ್ದು ಹೋಗಿ ಕೈ ಎತ್ತಲು ಹೇಳಿದೆ. ಅರ್ಧಕ್ಕಿಂತ ಹೆಚ್ಚು ಕೈ ಮೇಲೆ ಬಂದವು. ಮೂರನೇ ಸಾಲಿನ ಹಿರಿಯರೊಬ್ಬರು ಎರಡೂ ಕೈ ಎತ್ತಿದರು, ಎರಡು ತೋಟ ಇದೆಯೆಂದು. ಇದು ಚೀಟಿಯಲ್ಲಿ ಇರಲಿಲ್ಲ. "ಅಣ್ಣನವರ ಎರಡೂ ತೋಟಕ್ಕೆ ಉತ್ತರ ಹೇಳುವವರು ಇವತ್ತು ಬಂದಿದ್ದಾರೆ" ಎಂದೆ. ಅಲ್ಲಿಂದ ಕೊಳೆರೋಗದ ಹಳೆಯ ದಿನಗಳಿಗೆ ಹೋದೆ. ಚೀಟಿ ನೋಡಿದೆ, "ಚಾಕು". ಡ್ರಮ್ಮಿಗೆ ಚಾಕು ಅದ್ದಿದ ಕಥೆ ಹೇಳುವಾಗ ಮುಂದಿನ ಸಾಲಿನಲ್ಲಿ ಮೊಬೈಲು ಹಿಡಿದಿದ್ದವರೊಬ್ಬರು ಅದನ್ನು ತೊಡೆ ಮೇಲೆ ಮಗುಚಿ ಇಟ್ಟರು. ಅದನ್ನು ನಾನು ನೋಡಿದೆ. ಹಾಳೆ ಓದುತ್ತಿದ್ದ ಅಷ್ಟು ವರ್ಷಗಳಲ್ಲಿ ಇಂಥದ್ದು ನೋಡಿದ್ದು ನೆನಪಿಲ್ಲ, ನೋಡಲು ಕಣ್ಣಿಗೆ ಬಿಡುವು ಇರಲಿಲ್ಲ. ಚೀಟಿ ಬದಲಿಸಿದೆ, ಹೆಸರು ಹೇಳಿದೆ, ಕೂತೆ. ಸೊಸೈಟಿಯವರ ವಿಡಿಯೋದಲ್ಲಿ ಆಮೇಲೆ ನೋಡಿದರೆ 1 ನಿಮಿಷ 50 ಸೆಕೆಂಡು. ಜಾನಪದದ ಪ್ರಾಧ್ಯಾಪಕರ ನಾಲ್ಕು ಹಾಳೆಗೆ ಏಳು ನಿಮಿಷ ಹಿಡಿದಿತ್ತು.

ಅತಿಥಿಗಳು ಶುರು ಮಾಡಿದ್ದು ಚಾಕುವಿನಿಂದಲೇ. ಈಗ ಅದಕ್ಕೆ ಬಣ್ಣ ಬದಲಾಗುವ ಪರೀಕ್ಷಾ ಕಾಗದ ಬಂದಿದೆ, ಆದರೂ ಚಾಕು ಮೇಲು, ಅಡುಗೆಮನೆಯಲ್ಲೇ ಸಿಗುತ್ತದೆ ಎಂದರು.

ಎಲ್ಲ ಕಡೆಗೂ ಚೀಟಿ ಸರಿಹೋಗುವುದಿಲ್ಲ. ಅಭಿನಂದನಾ ಪತ್ರವನ್ನು ಬರೆದದ್ದು ಬರೆದ ಹಾಗೆಯೇ ಓದಬೇಕು, ಅದು ಅವರ ಕೈಗೆ ಹೋಗುವ ಕಾಗದ. ದತ್ತಿ ಉಪನ್ಯಾಸವಾದರೆ ದತ್ತಿ ಇಟ್ಟವರ ಹೆಸರು, ಯಾರ ನೆನಪಿಗೆ ಇಟ್ಟದ್ದು ಎಂಬುದು ಅಕ್ಷರ ತಪ್ಪದೆ ಬರಬೇಕು. ಕವಿಗಳ ಪರಿಚಯದಲ್ಲಿ ಅವರ ಪದ್ಯ ಹೇಳುವುದಿದ್ದರೆ ಆ ಸಾಲುಗಳನ್ನು ಪೂರ್ತಿ ಬರೆದುಕೊಳ್ಳಬೇಕು, ಕವಿಯ ಎದುರಿಗೇ ಅವರ ಸಾಲು ತಪ್ಪುವುದು ಬಹಳ ನೋವಿನ ಸಂಗತಿ. ಅತಿಥಿಯ ಜೊತೆ ಮೊದಲೇ ಮಾತಾಡಲು ಆಗಲೇ ಇಲ್ಲ, ಇರುವುದು ಪಿಡಿಎಫ್ ಒಂದೇ ಎಂದಾದರೆ ಅದರಿಂದ ಮೂರೇ ಸಂಗತಿ ಹೆಕ್ಕಿ ಅರ್ಧ ನಿಮಿಷದಲ್ಲಿ ಮುಗಿಸುತ್ತೇನೆ. ಇಲ್ಲದ ಪರಿಚಯವನ್ನು ಇರುವ ಹಾಗೆ ತೋರಿಸಲು ಹೋಗುವುದಿಲ್ಲ.

ಆ ದಿನ ಸಭೆ ಮುಗಿದು ಕಾಫಿ ಆದ ಮೇಲೆ ಮೈಕಿನ ಹುಡುಗ ಓಡಿಬಂದ. ಪೀಠದ ಮೇಲೆ ನಾನು ಚೀಟಿ ಬಿಟ್ಟು ಬಂದಿದ್ದೆ. ಒಂದು ಬದಿಯಲ್ಲಿ ಯಾರದೋ ಮದುವೆಯ ಗಣಪತಿ, ಇನ್ನೊಂದು ಬದಿಯಲ್ಲಿ ನನ್ನ ಆರು ಸಾಲು, ಅದರಲ್ಲಿ ಎರಡು ಕಡೆ ಹೊಡೆದುಹಾಕಿದ್ದು. "ಮೇಡಂ, ಇದು ನಿಮ್ಮದಾ? ಕೈ, ಚಾಕು ಅಂತೆಲ್ಲ ಬರೆದಿದೆ, ಏನಿದು?" ಎಂದು ಕೇಳಿದ. ಅವನು ಹೊರಗೆ ಜನರೇಟರ್ ಹತ್ತಿರ ಇದ್ದನಂತೆ, ಪರಿಚಯ ಕೇಳಿರಲಿಲ್ಲ. ಅವನು ವಯರು ಸುತ್ತುತ್ತಿದ್ದ, ನಾನು ಪಕ್ಕದಲ್ಲಿ ನಿಂತು ಚಾಕುವಿನ ಕಥೆ ಮತ್ತೆ ಹೇಳಿದೆ. ಆ ಸಲ ಅದು ಸುಣ್ಣದಿಂದ ಶುರುವಾಯಿತು. ಅವನ ಮನೆಯಲ್ಲೂ ಅರ್ಧ ಎಕರೆ ಅಡಿಕೆ ಇದೆ. ಅದ್ದಿದ ಚಾಕುವನ್ನು ಎಷ್ಟು ಹೊತ್ತು ಬಿಡಬೇಕು ಎಂದು ಕೇಳಿದ. ಅದು ನನ್ನ ಚೀಟಿಯಲ್ಲೂ ಇರಲಿಲ್ಲ, ತಲೆಯಲ್ಲೂ ಇರಲಿಲ್ಲ. ಅತಿಥಿಗಳು ಇನ್ನೂ ಕಾರು ಹತ್ತಿರಲಿಲ್ಲ, ಅವನನ್ನು ಕರೆದುಕೊಂಡು ಅಲ್ಲಿಗೆ ಹೋದೆ.